ಒಟಿಪಿ ಸರಿಯಾಯ್ತು, ದುಡ್ಡು ಬರಲಿಲ್ಲ: ವಿಫಲ ಕಾರ್ಡ್ ಪಾವತಿಯನ್ನು ಓದುವ ಕ್ರಮ

ಗ್ರಾಹಕರ ಪಾವತಿ ವಿಫಲವಾದರೆ ಕೋಡ್ ಹುಡುಕುವ ಮೊದಲು ಅದು ಎಲ್ಲಿ ನಿಂತಿತು ಅಂತ ನೋಡಿ. ಆನ್‌ಲೈನ್ ಪಾವತಿಯಲ್ಲಿ ಎರಡು ಹಂತ. ಕಾರ್ಡ್ ಬಳಸುತ್ತಿರುವವರು ಅದರ ಮಾಲೀಕರೇ ಹೌದೋ ಎಂಬ ದೃಢೀಕರಣ ಮೊದಲು, ಅಂದರೆ ಒಟಿಪಿ. ಅದು ದಾಟಿದ ಮೇಲೆಯೇ ಹಣ ಕೊಡಬಹುದೋ ಎಂದು ಬ್ಯಾಂಕಿಗೆ ಕೇಳುವುದು. ಎರಡಂಕಿಯ ನಿರಾಕರಣೆ ಕೋಡ್ ಹುಟ್ಟುವುದು ಈ ಎರಡನೇ ಹಂತದಲ್ಲಿ.

ಶಿರಸಿಯ ಅಪ್ಪೆಮಿಡಿ ಉಪ್ಪಿನಕಾಯಿ ಅಂಗಡಿಯೊಂದಕ್ಕೆ ಜೋಯಿಡಾ ಕಡೆಯಿಂದ ₹1,850ರ ಆರ್ಡರ್ ಬಂತು ಅಂದುಕೊಳ್ಳಿ. ಮೊದಲ ಯತ್ನದ ವಿವರದಲ್ಲಿ ದೃಢೀಕರಣದ ಫಲ ತೋರಿಸುವ `transStatus` ಎದುರು `N` ಇದೆ, ಬ್ಯಾಂಕಿನ ಕೋಡ್ ಜಾಗ ಖಾಲಿ. ಅಂದರೆ ದೃಢೀಕರಣವೇ ಆಗಿಲ್ಲ, ಹಣದ ಮಾತು ಬ್ಯಾಂಕಿನ ತನಕ ಹೋಗಿಲ್ಲ. ಪಾವತಿ ನಡೆಸಿಕೊಡುವ ನಿಮ್ಮ ಗೇಟ್‌ವೇ, ದೃಢೀಕರಣ ಯಾಕೆ ನಿಂತಿತು ಎನ್ನುವ `challengeCancel` ತೋರಿಸುತ್ತಿದ್ದರೆ ಅದನ್ನೂ ನೋಡಿ: `01` ಇದ್ದರೆ ಗ್ರಾಹಕರೇ ರದ್ದು ಒತ್ತಿದ್ದಾರೆ, `04` ಇದ್ದರೆ ಸಮಯ ಮೀರಿದೆ. ಕಾಡಿನ ನಡುವಿನ ಮನೆಗೆ ಒಟಿಪಿ ತಡವಾಗಿ ತಲುಪುವುದು ಹೊಸತೇನಲ್ಲ. ಸಿಗ್ನಲ್ ಇರುವಲ್ಲಿ ನಿಂತು ಅದೇ ಕಾರ್ಡಿನಲ್ಲಿ ಮತ್ತೊಮ್ಮೆ ಪ್ರಯತ್ನಿಸಿ ಅಂದರೆ ಸಾಕು.

ಎರಡನೇ ಯತ್ನದಲ್ಲಿ `transStatus` `Y` ಆಗಿದೆ, ಆದರೂ ಕೋಡ್ 57 ಬಂದಿದೆ. ಅಂಗಡಿಯವರು ಹೆಚ್ಚಾಗಿ ಎಡವುವುದು ಇಲ್ಲೇ. ಖಾತೆಯಲ್ಲಿ ಹಣ ಇಲ್ಲ ಅಂದುಕೊಂಡುಬಿಡುತ್ತಾರೆ. ಹಣ ಸಾಲದ್ದಕ್ಕೆ ಬೇರೆ ಕೋಡ್ ಇದೆ, 51. 57 ಅಂದರೆ ಈ ಬಗೆಯ ವ್ಯವಹಾರಕ್ಕೆ ಆ ಕಾರ್ಡಿಗೆ ಅನುಮತಿ ಇಲ್ಲ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡ್ ಬರುವಾಗ ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಯಂತ್ರಕ್ಕೆ ಮಾತ್ರ ಚಾಲೂ ಇರುತ್ತದೆ. ಆನ್‌ಲೈನ್ ಬಳಕೆಯನ್ನು ಗ್ರಾಹಕರೇ ಆನ್ ಮಾಡಿಕೊಳ್ಳಬೇಕು. ಹಾಗಾಗಿ ನಮ್ಮಲ್ಲಿ 57 ಕಂಡರೆ ಮೊದಲ ಅನುಮಾನ ಅದರ ಮೇಲೇ. "ನಿಮ್ಮ ಬ್ಯಾಂಕ್ ಆ್ಯಪಿನಲ್ಲಿ ಕಾರ್ಡಿನ ಆನ್‌ಲೈನ್ ಬಳಕೆ ಆನ್ ಇದೆಯಾ ನೋಡಿ" ಅಂತ ಸಂದೇಶ ಕಳಿಸಿ. ಅದನ್ನು ಸರಿಮಾಡದೆ ಹತ್ತು ಸಲ ಒತ್ತಿದರೂ 57ಯೇ ಬರುತ್ತದೆ.

05 ಬಂದರೆ ಬ್ಯಾಂಕ್ ಬೇಡ ಅಂದಿದೆ, ಕಾರಣ ಹೇಳಿಲ್ಲ. ಊಹಿಸಲು ಹೋಗಬೇಡಿ, ಬೇರೆ ಕಾರ್ಡ್ ಅಥವಾ ಯುಪಿಐ ಕೇಳಿ. 41, 43 ಕಳೆದುಹೋದ ಮತ್ತು ಕದ್ದ ಕಾರ್ಡಿನವು. ಮತ್ತೆ ಯತ್ನಿಸಬಾರದು, ಕಾರಣವನ್ನು ಎದುರಿನವರಿಗೆ ಬಿಡಿಸಿ ಹೇಳಲೂಬಾರದು.

91 ಸ್ವಲ್ಪ ಬೇರೆ. ಕಾರ್ಡ್ ಕೊಟ್ಟ ಬ್ಯಾಂಕ್ ಅಥವಾ ನಡುವೆ ಸಂದೇಶ ದಾಟಿಸುವ ಸ್ವಿಚ್ ಉತ್ತರಿಸಿಲ್ಲ, ಕಾರ್ಡಿನ ತಪ್ಪಲ್ಲ. ಕೂಡಲೇ ಮತ್ತೆ ಹಣ ಕೇಳಬೇಡಿ. ಆರ್ಡರ್ ಸಂಖ್ಯೆ ಹಾಕಿ ಗೇಟ್‌ವೇಯಲ್ಲಿ ಹಳೆಯ ಯತ್ನದ ಸ್ಥಿತಿ ನೋಡಿ. ಉತ್ತರ ದಾರಿಯಲ್ಲಿ ಕಳೆದುಹೋದಾಗ ಗ್ರಾಹಕರ ಖಾತೆಯಿಂದ ಹಣ ಕಡಿತವಾಗಿ, ನಿಮ್ಮಲ್ಲಿ ವಿಫಲ ಎಂದೇ ಉಳಿಯುವುದುಂಟು. ಅವರು ಕಳಿಸಿದ ಎಸ್ಸೆಮ್ಮೆಸ್ ಚಿತ್ರ ನಂಬಿ ಭರಣಿ ಪಾರ್ಸೆಲ್ ಮಾಡಬೇಡಿ. ಇಂಥ ಹಣ ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ ಗ್ರಾಹಕರಿಗೆ ಸಲ್ಲಬೇಕು ಎಂಬುದು ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯಲ್ಲಿದೆ. ವಹಿವಾಟಿನ ಗುರುತು ಸಂಖ್ಯೆ ಅವರ ಕೈಗೆ ಕೊಟ್ಟರೆ ಬ್ಯಾಂಕಿನಲ್ಲಿ ಕೇಳಲು ಅನುಕೂಲ.