ಪ್ರೊಫೈಲಿಗೆ ತೆಲುಗು ಆವೃತ್ತಿ ಸೇರಿಸಿದರೆ ಹೆಚ್ಚು ಜನ ನೋಡುತ್ತಾರಾ?

ಪ್ರಶ್ನೆ: ಪೀಣ್ಯದಲ್ಲಿ ಸಿಎನ್‌ಸಿ ಮಷಿನ್‌ಗಳಿಗೆ ಬೇಕಾಗುವ ಕಟಿಂಗ್ ಟೂಲ್ಸ್ ಮಾರುತ್ತೇನೆ. ನನ್ನ ಲಿಂಕ್ಡ್‌ಇನ್ ಪ್ರೊಫೈಲ್ ಇಂಗ್ಲಿಷಿನಲ್ಲಿದೆ. ಹೈದರಾಬಾದ್ ಕಡೆ ವ್ಯಾಪಾರ ಬೆಳೆಸಬೇಕು. ತೆಲುಗಿನಲ್ಲೂ ಒಂದು ಪ್ರೊಫೈಲ್ ಮಾಡಿದರೆ ರೀಚ್ ಹೆಚ್ಚುತ್ತದೆಯೇ? ಕನ್ನಡದಲ್ಲೂ ಮಾಡಬೇಕೇ?

ಉತ್ತರ: ನಿಮ್ಮ ಗಿರಾಕಿ ತನ್ನ ಲಿಂಕ್ಡ್‌ಇನ್ ಅನ್ನು ಯಾವ ಭಾಷೆಯಲ್ಲಿ ಇಟ್ಟುಕೊಂಡಿದ್ದಾನೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅವನು ಮನೆಯಲ್ಲಿ ಯಾವ ಭಾಷೆ ಮಾತಾಡುತ್ತಾನೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಎರಡನೇ ಭಾಷೆಯಲ್ಲಿ ಪ್ರೊಫೈಲ್ ಸೇರಿಸಿದಾಗ ಹೊಸ ಖಾತೆ ತೆರೆಯುವುದಿಲ್ಲ. ಅದೇ ಖಾತೆ, ಅದೇ ಸಂಪರ್ಕಗಳು, ಮೇಲೆ ಇನ್ನೊಂದು ಪದರ ಅಷ್ಟೇ. ಆ್ಯಪನ್ನು ತೆಲುಗಿನಲ್ಲಿ ಬಳಸುವವರಿಗೆ ತೆಲುಗು ಆವೃತ್ತಿ ಕಾಣುತ್ತದೆ, ಉಳಿದವರಿಗೆಲ್ಲ ಮೂಲ ಇಂಗ್ಲಿಷ್ ಪ್ರೊಫೈಲೇ.

ಈಗ ನಿಮ್ಮ ಗಿರಾಕಿಯನ್ನೇ ತೆಗೆದುಕೊಳ್ಳೋಣ. ಬಾಲಾನಗರದ ಅಥವಾ ಜೀಡಿಮೆಟ್ಲದ ಒಂದು ಕಾರ್ಖಾನೆಯ ಪರ್ಚೇಸ್ ಮ್ಯಾನೇಜರ್ ಅನ್ನಿ. ಫೋನಿನಲ್ಲಿ ತೆಲುಗಿನಲ್ಲೇ ಮಾತಾಡುತ್ತಾರೆ, ಆದರೆ ಮೇಲ್, ಕೊಟೇಶನ್, ಪರ್ಚೇಸ್ ಆರ್ಡರ್ ಎಲ್ಲ ಇಂಗ್ಲಿಷಿನಲ್ಲಿ ನಡೆಯುತ್ತವೆ. ಅವರ ಆ್ಯಪೂ ಇಂಗ್ಲಿಷಿನಲ್ಲೇ ಇರುವ ಸಾಧ್ಯತೆ ಹೆಚ್ಚು. ಹುಡುಕುವಾಗ ಟೈಪ್ ಮಾಡುವುದು carbide inserts ಎಂದು. ಹಾಗಿದ್ದರೆ ನೀವು ಕಷ್ಟಪಟ್ಟು ಬರೆಸಿದ ತೆಲುಗು ಅವರ ಕಣ್ಣಿಗೇ ಬೀಳುವುದಿಲ್ಲ. ಊಹೆ ಮಾಡುವುದಕ್ಕಿಂತ ಹತ್ತಿರದ ನಾಲ್ಕೈದು ಗಿರಾಕಿಗಳನ್ನು ಕೇಳಿಬಿಡಿ: "ಸಾರ್, ನಿಮ್ಮ ಆ್ಯಪ್ ಯಾವ ಭಾಷೆಯಲ್ಲಿದೆ?" ಒಬ್ಬರೂ ತೆಲುಗು ಎನ್ನದಿದ್ದರೆ ಆ ಕೆಲಸ ಕೈಬಿಡಿ.

ವಿಜಯವಾಡದ ಆಟೋನಗರದಂಥ ಕಡೆ ಡೀಲರ್‌ಗಳನ್ನೋ ಸರ್ವಿಸ್ ಹುಡುಗರನ್ನೋ ಹುಡುಕುತ್ತಿದ್ದರೆ ಮಾತು ಬೇರೆ. ಅಲ್ಲಿ ಫೋನನ್ನೇ ತೆಲುಗಿನಲ್ಲಿ ಬಳಸುವವರು ಸಿಗಬಹುದು. ಅಂಥವರಿಗಾಗಿ ಮಾಡುವುದಾದರೆ ಕಂಪ್ಯೂಟರಿನಲ್ಲಿ ನಿಮ್ಮ ಪ್ರೊಫೈಲ್ ತೆರೆದು Profile language ಎಂಬಲ್ಲಿಂದ ಭಾಷೆ ಸೇರಿಸಿ. ನೀವು ಬರೆದದ್ದನ್ನು ಲಿಂಕ್ಡ್‌ಇನ್ ಅನುವಾದಿಸಿ ಕೊಡುವುದಿಲ್ಲ, ಹೆಡ್‌ಲೈನ್, ಪರಿಚಯ, ಕೆಲಸದ ವಿವರ ಎಲ್ಲವನ್ನೂ ನೀವೇ ಬರೆಯಬೇಕು. ತೆಲುಗು ಬರೆಸುವಾಗ carbide inserts, end mills ಎಂಬ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಉಳಿಸಿ. ವರ್ಕ್‌ಶಾಪಿನಲ್ಲಿ ತೆಲುಗಿನವರೂ ಇನ್ಸರ್ಟ್ ಎಂದೇ ಕರೆಯುವುದು, ಹುಡುಕುವುದೂ ಅದನ್ನೇ. ನಿಘಂಟು ನೋಡಿ ಅಚ್ಚ ತೆಲುಗು ಪದ ಹಾಕಿದರೆ ಓದುವವನಿಗೂ ಅರ್ಥವಾಗದು, ಹುಡುಕಾಟದಲ್ಲೂ ಸಿಗದು. ಮುಂದೆ ಇಂಗ್ಲಿಷಿನಲ್ಲಿ ಹೊಸ ಬ್ರ್ಯಾಂಡಿನ ಹೆಸರು ಸೇರಿಸಿದ ದಿನವೇ ತೆಲುಗಿನಲ್ಲೂ ಸೇರಿಸಿ. ಎರಡು ವರ್ಷ ಹಿಂದಿನ ಏಜೆನ್ಸಿಯ ಹೆಸರು ಅಲ್ಲೇ ಕೂತಿದ್ದರೆ, ಪ್ರೊಫೈಲ್ ಇಲ್ಲದಿರುವುದಕ್ಕಿಂತ ಅದು ಹೆಚ್ಚು ಕೆಡುಕು.

ಕನ್ನಡದ ವಿಷಯ ನನಗೂ ಬೇಸರ ತರುವಂಥದ್ದು. ಲಿಂಕ್ಡ್‌ಇನ್ ಹಿಂದಿಯಲ್ಲಿ ಬಂದದ್ದು 2021ರ ಡಿಸೆಂಬರಿನಲ್ಲಿ. ಆಮೇಲೆ ತೆಲುಗು, ಮರಾಠಿ, ಬಂಗಾಳಿ, ಪಂಜಾಬಿ ಸೇರಿದವು. ಆ ಸಾಲಿನಲ್ಲಿ ಕನ್ನಡ ಇರಲಿಲ್ಲ, ಕಂಪನಿಯ ದೊಡ್ಡ ಕಚೇರಿ ಬೆಂಗಳೂರಿನಲ್ಲೇ ಇದ್ದರೂ. ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳ ಪಟ್ಟಿ ತೆರೆದು ನೋಡಿ. ಅಲ್ಲಿ ಕನ್ನಡ ಇಲ್ಲವೆಂದರೆ ಆ್ಯಪನ್ನು ಕನ್ನಡದಲ್ಲಿ ಇಟ್ಟುಕೊಂಡವರೂ ಇಲ್ಲ, ಪ್ರತ್ಯೇಕ ಕನ್ನಡ ಆವೃತ್ತಿ ತಾನಾಗಿ ಯಾರಿಗೂ ಕಾಣದು. ಕನ್ನಡವನ್ನು ಇಂಗ್ಲಿಷ್ ಪ್ರೊಫೈಲಿನ ಒಳಗೇ ತನ್ನಿ. About ಭಾಗದಲ್ಲಿ 2,600 ಅಕ್ಷರಗಳಿಗೆ ಜಾಗವಿದೆ. ಆದರೆ ಮೊದಲ ಕೆಲವು ಸಾಲು ಮಾತ್ರ ಕಾಣಿಸಿ ಉಳಿದದ್ದು ಮಡಚಿಕೊಳ್ಳುತ್ತದೆ. ಹಾಗಾಗಿ ಏನು ಮಾರುತ್ತೀರಿ, ಎಲ್ಲಿಗೆ ಕಳಿಸುತ್ತೀರಿ ಎಂಬುದು ಮೇಲೆ ಇಂಗ್ಲಿಷಿನಲ್ಲಿರಲಿ, ಕೆಳಗೆ ಅದನ್ನೇ ಕನ್ನಡದಲ್ಲಿ ಬರೆಯಿರಿ. Languages ಭಾಗದಲ್ಲಿ ಕನ್ನಡ, ತೆಲುಗು ಎರಡನ್ನೂ ನಮೂದಿಸಿ. "ತೆಲುಗಿನಲ್ಲಿ ಮಾತಾಡಬಹುದು" ಎಂದು ಹೈದರಾಬಾದಿನವರಿಗೆ ತಿಳಿಸಲು ಅಷ್ಟು ಸಾಕು.

ರೀಚ್ ಎಂದಾಗ ನಿಮ್ಮ ಮನಸ್ಸಿನಲ್ಲಿರುವುದು ಪೋಸ್ಟುಗಳಾದರೆ, ಪ್ರೊಫೈಲಿನ ಭಾಷೆ ಅವುಗಳನ್ನು ಮುಟ್ಟುವುದೇ ಇಲ್ಲ. ಇಂಗ್ಲಿಷ್ ಪ್ರೊಫೈಲ್ ಇಟ್ಟುಕೊಂಡೇ ತೆಲುಗಿನಲ್ಲಿ ಪೋಸ್ಟ್ ಹಾಕಬಹುದು. ಇನ್ಸರ್ಟಿನ ತುದಿ ಬೇಗ ಏಕೆ ಮುರಿಯುತ್ತದೆ ಎಂದು ಒಂದು ಫೋಟೋ ಜೊತೆ ನಾಲ್ಕು ಸಾಲು ತೆಲುಗಿನಲ್ಲಿ ಬರೆದರೆ, ಆ್ಯಪ್ ಯಾವ ಭಾಷೆಯಲ್ಲಿದ್ದರೂ ಅದು ಫೀಡಿನಲ್ಲಿ ಬರಬಲ್ಲದು. ನಿಮ್ಮ ಜಾಗದಲ್ಲಿ ನಾನಿದ್ದರೆ ಶ್ರಮವನ್ನು ಇಲ್ಲೇ ಹಾಕುತ್ತಿದ್ದೆ.

ಆದರೂ ತೆಲುಗು ಆವೃತ್ತಿ ಸೇರಿಸಿಯೇ ನೋಡುತ್ತೇನೆ ಎಂದರೆ, ಸೇರಿಸುವ ಮುಂಚೆ, ಹುಡುಕಾಟದಲ್ಲಿ ನೀವು ಎಷ್ಟು ಸಲ ಕಾಣಿಸಿಕೊಂಡಿರಿ ಎಂದು ಹೇಳುವ Search appearances ಅಂಕಿಯನ್ನು ಬರೆದಿಟ್ಟುಕೊಳ್ಳಿ. ನಂತರ ಒಂದು ತಿಂಗಳು ಹೆಡ್‌ಲೈನ್ ಬದಲಿಸಬೇಡಿ, ಪೋಸ್ಟಿನ ಪ್ರಮಾಣವನ್ನೂ ಏರಿಸಬೇಡಿ, ಇಲ್ಲದಿದ್ದರೆ ಅಂಕಿ ಯಾವುದರಿಂದ ಏರಿತೆಂದು ತಿಳಿಯದು. ಯಾವ ಆವೃತ್ತಿಯನ್ನು ಎಷ್ಟು ಜನ ನೋಡಿದರು ಎಂದು ಲಿಂಕ್ಡ್‌ಇನ್ ಬಿಡಿಸಿ ತೋರಿಸುವುದಿಲ್ಲ. ಹಾಗಾಗಿ ಆಂಧ್ರ, ತೆಲಂಗಾಣದಿಂದ ಯಾರು ನೋಡಿದರು, ಯಾರು ಮೆಸೇಜ್ ಕಳಿಸಿದರು ಎಂಬುದನ್ನೂ ಗಮನಿಸುತ್ತಿರಿ. ತಿಂಗಳಾದರೂ ಆ ಕಡೆಯಿಂದ ಹೊಸಬರು ಬರದಿದ್ದರೆ ತೆಲುಗು ಆವೃತ್ತಿಯನ್ನು ಅಳಿಸಬಹುದು, ಮೂಲ ಪ್ರೊಫೈಲಿಗೆ ಏನೂ ಆಗುವುದಿಲ್ಲ.