ಅತಿ ಹತ್ತಿರದ್ದು ಸಿಕ್ಕಿತು, ಅದು ಸಾಕಷ್ಟು ಹತ್ತಿರವೇ?

ಬ್ಯಾಂಕೊಂದು ಗ್ರಾಹಕರು ಪದೇಪದೇ ಕೇಳುವ 80 ಪ್ರಶ್ನೆಗಳಿಗೆ ಉತ್ತರ ಬರೆಸಿ ಇಟ್ಟುಕೊಂಡಿದೆ ಎನ್ನೋಣ. ಗ್ರಾಹಕರೊಬ್ಬರು ಮೊಬೈಲಿನಲ್ಲಿ ಹೀಗೆ ಟೈಪ್ ಮಾಡುತ್ತಾರೆ: ‘ನನ್ನ ಎಟಿಎಂ ಕಾರ್ಡ್ ಎಲ್ಲೋ ಬಿದ್ದೋಯ್ತು, ಏನ್ ಮಾಡ್ಲಿ?’ ಪಟ್ಟಿಯಲ್ಲಿರುವ ಪ್ರಶ್ನೆಯ ಭಾಷೆಯೇ ಬೇರೆ: ‘ಡೆಬಿಟ್ ಕಾರ್ಡ್ ಕಳೆದುಹೋದರೆ ಅದನ್ನು ಸ್ಥಗಿತಗೊಳಿಸುವುದು ಹೇಗೆ?’ ಎರಡಕ್ಕೂ ಸಮಾನವಾಗಿರುವುದು ‘ಕಾರ್ಡ್’ ಎಂಬ ಒಂದೇ ಪದ. ಪದ ನೋಡಿ ಹುಡುಕಿದರೆ ಪಟ್ಟಿಯಲ್ಲಿ ಕಾರ್ಡಿನ ಮಾತಿರುವ ಪ್ರಶ್ನೆಗಳೆಲ್ಲ ಸಾಲುಗಟ್ಟಿ ಬರುತ್ತವೆ.

ಇಲ್ಲಿ ನೆರವಿಗೆ ಬರುವುದು ಎಂಬೆಡಿಂಗ್. ಒಂದು ವಾಕ್ಯವನ್ನು ಕೊಟ್ಟರೆ ಮಾದರಿಯು ಸಂಖ್ಯೆಗಳ ಸಾಲೊಂದನ್ನು ಹಿಂತಿರುಗಿಸುತ್ತದೆ. Multilingual-e5-base ಎಂಬ ಮಾದರಿಯಲ್ಲಿ ಆ ಸಾಲಿನ ಉದ್ದ 768. ಒಂದೇ ಅರ್ಥದ ವಾಕ್ಯಗಳ ಸಾಲುಗಳು ಒಂದೇ ದಿಕ್ಕಿಗೆ ಮುಖಮಾಡುವಂತೆ ಅದಕ್ಕೆ ತರಬೇತಿಯಾಗಿರುತ್ತದೆ. ಎರಡು ಸಾಲುಗಳ ನಡುವಿನ ಕೋನ ಚಿಕ್ಕದಾದಷ್ಟೂ ಅವುಗಳ ಹೋಲಿಕೆಯ ಅಂಕ 1ರ ಸಮೀಪಕ್ಕೆ ಬರುತ್ತದೆ. ಪಟ್ಟಿಯ 80 ಪ್ರಶ್ನೆಗಳ ಸಾಲುಗಳನ್ನು ಮೊದಲೇ ಲೆಕ್ಕಹಾಕಿ ಇಟ್ಟುಕೊಂಡರೆ, ಹೊಸ ಪ್ರಶ್ನೆ ಬಂದಾಗ ಉಳಿಯುವ ಕೆಲಸ ಇಷ್ಟೇ:

```python
q = model.encode("query: " + prashne, normalize_embeddings=True)
anka = F @ q
i = anka.argmax()
```

`F` ಎಂದರೆ ಇದೇ ರೀತಿ ಲೆಕ್ಕಹಾಕಿದ ಆ 80 ಸಾಲುಗಳ ಕೋಷ್ಟಕ, `argmax` ಕೊಡುವುದು ಅತಿ ಹೆಚ್ಚು ಅಂಕ ಪಡೆದ ಸಾಲಿನ ಸ್ಥಾನವನ್ನು. ಹೀಗೆ ಮೊದಲೇ ಲೆಕ್ಕಹಾಕಿಡುವುದು ಸಣ್ಣ ಅನುಕೂಲವಲ್ಲ. 2019ರಲ್ಲಿ ಸೆಂಟೆನ್ಸ್-ಬರ್ಟ್ ಎಂಬ ಎಂಬೆಡಿಂಗ್ ಮಾದರಿಯನ್ನು ಮಂಡಿಸಿದವರು ಕೊಟ್ಟ ಲೆಕ್ಕ ನೋಡಿ: 10,000 ವಾಕ್ಯಗಳಲ್ಲಿ ಪರಸ್ಪರ ಅತಿ ಹತ್ತಿರದ ಜೋಡಿಯನ್ನು ಹುಡುಕಲು ವಾಕ್ಯಗಳನ್ನು ಜೋಡಿ ಜೋಡಿಯಾಗಿ ಓದುವ ಮೂಲ ಬರ್ಟ್ ಮಾದರಿಗೆ ಸುಮಾರು 65 ಗಂಟೆ ಹಿಡಿದರೆ, ವಾಕ್ಯಕ್ಕೊಂದು ಸಾಲು ಮಾಡಿಕೊಳ್ಳುವ ಸೆಂಟೆನ್ಸ್-ಬರ್ಟ್‌ಗೆ ಸುಮಾರು 5 ಸೆಕೆಂಡು ಸಾಕಾಯಿತು.

ಈ ವ್ಯವಸ್ಥೆ ಸ್ವಂತವಾಗಿ ಒಂದು ಪದವನ್ನೂ ಬರೆಯುವುದಿಲ್ಲ. ಹಾಗಾಗಿ ಇಲ್ಲದ ಶುಲ್ಕವನ್ನು, ಇಲ್ಲದ ಗಡುವನ್ನು ಹುಟ್ಟಿಸಲಾರದು. ಆದರೆ ಸರಿಯಾಗಿಯೇ ಬರೆದ ಉತ್ತರವನ್ನು ತಪ್ಪು ಪ್ರಶ್ನೆಗೆ ಕೊಡಬಲ್ಲದು. `argmax` ಯಾವಾಗಲೂ ಏನನ್ನಾದರೂ ಎತ್ತಿಕೊಡುತ್ತದೆ. ‘ಇವತ್ತು ಚಿನ್ನದ ಬೆಲೆ ಎಷ್ಟು?’ ಎಂದು ಕೇಳಿದರೂ 80ರಲ್ಲಿ ಒಂದು ಗೆದ್ದೇ ಗೆಲ್ಲುತ್ತದೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಕಷ್ಟದ ಭಾಗವೆಂದರೆ ‘ಇದಕ್ಕೆ ನನ್ನಲ್ಲಿ ಉತ್ತರವಿಲ್ಲ’ ಎಂದು ಯಾವಾಗ ಹೇಳಬೇಕೆಂಬುದು.

ಅಂಕ 0.8 ದಾಟಿದರೆ ಉತ್ತರ ಕೊಡೋಣ ಎಂದು ಎಷ್ಟೋ ಜನ ಅಂದಾಜಿನಲ್ಲೇ ಗೆರೆ ಎಳೆಯುತ್ತಾರೆ. ಆದರೆ e5 ಕುಟುಂಬದ ಮಾದರಿಗಳಲ್ಲಿ ಅಂಕಗಳು ಬಹುತೇಕ 0.7ರಿಂದ 1ರ ನಡುವೆಯೇ ಕಿಕ್ಕಿರಿದಿರುತ್ತವೆ. ತರಬೇತಿಯ ವಿಧಾನವೇ ಅದಕ್ಕೆ ಕಾರಣ. ಅಲ್ಲಿ ಸಂಬಂಧವಿಲ್ಲದ ಚಿನ್ನದ ಬೆಲೆಯೂ 0.8ರ ಹತ್ತಿರ ಸುಳಿಯಬಹುದು. ಬೇರೆ ಮಾದರಿಯಲ್ಲಿ ಸರಿಯಾದ ಜೋಡಿಗೇ 0.6 ಬರಬಹುದು. ಒಂದು ಮಾದರಿಯ ಗೆರೆ ಇನ್ನೊಂದಕ್ಕೆ ಹೊಂದುವುದಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ‘ಕಾರ್ಡ್ ಬ್ಲಾಕ್ ಮಾಡಬೇಕು’ ಮತ್ತು ‘ಕಾರ್ಡ್ ಬ್ಲಾಕ್ ಆಗಿದೆ’ ಎಂಬ ಮಾತುಗಳ ಸಾಲುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಕೇಳುವವರಿಗೆ ಬೇಕಾದದ್ದು ಮಾತ್ರ ಪೂರ್ತಿ ತದ್ವಿರುದ್ಧ. ಎಂಬೆಡಿಂಗ್ ವಿಷಯವನ್ನು ಚೆನ್ನಾಗಿ ಹಿಡಿಯುತ್ತದೆ. ಮಾಡು, ಆಗು, ಇಲ್ಲ ಎಂಬಂಥ ಪುಟ್ಟ ಪದಗಳಲ್ಲಿ ಅಡಗಿದ ತಿರುವನ್ನು ಆಗಾಗ ಬಿಟ್ಟುಬಿಡುತ್ತದೆ. ಮೊದಲ ಪ್ರಶ್ನೆಗೆ 0.91, ಎರಡನೆಯದಕ್ಕೆ 0.90 ಬಂತು ಎಂದುಕೊಳ್ಳಿ. ಎರಡೂ ಗೆರೆ ದಾಟಿವೆ, ಆದರೆ ಆ 0.01 ಅಂತರವನ್ನು ನಂಬಿ ಉತ್ತರಿಸುವುದು ಜೂಜು. ಇಂಥಲ್ಲಿ ಎರಡನ್ನೂ ತೋರಿಸಿ ‘ಇವುಗಳಲ್ಲಿ ಯಾವುದು?’ ಎಂದು ಕೇಳುವುದು ಮೇಲು. ಅಂದರೆ ಮೊದಲ ಸ್ಥಾನದ ಅಂಕದ ಜೊತೆಗೆ, ಎರಡನೆಯದಕ್ಕಿಂತ ಅದು ಎಷ್ಟು ಮುಂದಿದೆ ಎಂಬುದನ್ನೂ ನೋಡಬೇಕು.

ಗೆರೆ ಎಲ್ಲಿ ಎಳೆಯಬೇಕೆಂದು ತಿಳಿಯಲು ಗ್ರಾಹಕರು ನಿಜವಾಗಿ ಟೈಪ್ ಮಾಡಿದ ಇನ್ನೂರು ಮುನ್ನೂರು ಪ್ರಶ್ನೆಗಳು ಬೇಕು. ಪ್ರತಿಯೊಂದಕ್ಕೂ ಸರಿಯುತ್ತರ ಯಾವುದೆಂದು ಒಬ್ಬರು ಕೂತು ಗುರುತು ಹಾಕಬೇಕು, ‘ಯಾವುದೂ ಅಲ್ಲ’ ಎಂಬ ಗುರುತೂ ಸೇರಿದಂತೆ. ಆಮೇಲೆ ಗೆರೆಯನ್ನು ಮೇಲೆ ಕೆಳಗೆ ಸರಿಸುತ್ತ, ಎಷ್ಟು ತಪ್ಪು ಉತ್ತರ ಹೋಯಿತು, ಎಷ್ಟು ಸರಿಯುತ್ತರ ತಡೆಹಿಡಿಯಲ್ಪಟ್ಟಿತು ಎಂದು ಎಣಿಸಬೇಕು. ಕಚೇರಿಯವರೇ ಕಲ್ಪಿಸಿಕೊಂಡು ಬರೆದ ಪ್ರಶ್ನೆಗಳಿಂದ ಈ ಪರೀಕ್ಷೆ ಮಾಡಿದರೆ ಫಲಿತಾಂಶ ಯಾವಾಗಲೂ ಸೊಗಸಾಗಿರುತ್ತದೆ, ಅದಕ್ಕೇ ಅದನ್ನು ನಂಬಬಾರದು.

ನಿಜವಾದ ಪ್ರಶ್ನೆಗಳನ್ನು ನೋಡಿದ ಕೂಡಲೇ ಕಣ್ಣಿಗೆ ಬೀಳುವುದು ಇಂಗ್ಲಿಷ್ ಅಕ್ಷರದ ಕನ್ನಡ: `nanna card kaledhogide`. ಕನ್ನಡ ಲಿಪಿಯಲ್ಲಿ ಕಲಿತ ಮಾದರಿ ಇಲ್ಲಿ ಮುಗ್ಗರಿಸುತ್ತದೆ, ಏಕೆಂದರೆ ಇದರ ಕಾಗುಣಿತ ಒಬ್ಬೊಬ್ಬರಿಗೆ ಒಂದೊಂದು ಥರ. ಸುಲಭದ ಮದ್ದೆಂದರೆ ಪಟ್ಟಿಯ ಪ್ರತಿ ಪ್ರಶ್ನೆಗೂ ಜನ ಕೇಳುವ ಐದಾರು ರೂಪಗಳನ್ನು ಸೇರಿಸುವುದು, ಆಡುಮಾತಿನದೂ ಇಂಗ್ಲಿಷ್ ಅಕ್ಷರದ್ದೂ ಇರುವಂತೆ. ರೂಪಗಳು ಹಲವಾದರೂ ಉತ್ತರ ಒಂದೇ. ಯಾವ ರೂಪಕ್ಕೆ ಹೆಚ್ಚು ಅಂಕ ಬರುತ್ತದೋ ಅದೇ ಆ ಉತ್ತರದ ಅಂಕ. ಇದಕ್ಕಾಗಿ ಮಾದರಿಗೆ ಮತ್ತೆ ತರಬೇತಿ ಕೊಡಬೇಕಾಗಿಲ್ಲ, `F` ಕೋಷ್ಟಕಕ್ಕೆ ಕೆಲವು ಸಾಲು ಸೇರುತ್ತವೆ ಅಷ್ಟೆ.

ಗೆರೆ ದಾಟದೆ ಹಿಂದೆ ಉಳಿದ ಪ್ರಶ್ನೆಗಳನ್ನೂ ಎಸೆಯಬಾರದು. ಅವುಗಳ ಸಾಲುಗಳನ್ನೇ ಹತ್ತಿರ ಹತ್ತಿರದವನ್ನು ಕೂಡಿಸಿ ಗುಂಪು ಮಾಡಿದರೆ, ಯುಪಿಐ ಮಿತಿಯ ಬಗ್ಗೆಯೋ ಸತ್ತವರ ಖಾತೆಯ ಬಗ್ಗೆಯೋ ನಲವತ್ತು ಜನ ನಲವತ್ತು ರೀತಿಯಲ್ಲಿ ಕೇಳಿದ್ದು ಒಂದೆಡೆ ಸೇರಿ ಕಾಣಬಹುದು. 81ನೆಯ ಪ್ರಶ್ನೆ ಯಾವುದಾಗಬೇಕೆಂದು ಅಲ್ಲಿಂದ ಗೊತ್ತಾಗುತ್ತದೆ. ಅದರ ಉತ್ತರವನ್ನು ಮಾತ್ರ ಬ್ಯಾಂಕಿನ ಒಬ್ಬರು ಕೂತು ಬರೆಯಬೇಕು.