ದಿನದ ಕೊನೆಯ ಹತ್ತು ನಿಮಿಷ: ತೆರಿಗೆ ಕಚೇರಿಯ ಸಮಯದ ಲೆಕ್ಕ

ಜಿಎಸ್‌ಟಿ ರಿಟರ್ನ್ ತುಂಬುವ ಸಣ್ಣ ಕಚೇರಿಗಳಲ್ಲಿ ತಿಂಗಳ ಮೊದಲ ಹತ್ತು ದಿನ ಬಲು ಬಿರುಸು. ತಿಂಗಳ ರಿಟರ್ನ್ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ರ ಗಡುವು 11ನೇ ತಾರೀಖು. ಆ ವಾರ ದಿನವಿಡೀ ದುಡಿದೂ ಕೆಲಸ ಉಳಿದಾಗ ಹೊತ್ತು ಎಲ್ಲಿ ಹೋಯಿತು ಎಂದು ಕೇಳಿದರೆ, ಹೆಚ್ಚಿನವರು ‘ರಿಟರ್ನ್ ಕೆಲಸಕ್ಕೆ’ ಎನ್ನುತ್ತಾರೆ. ಬರೆದಿಟ್ಟು ನೋಡಿದರೆ ಉತ್ತರ ಬೇರೆಯೇ ಇರುತ್ತದೆ.

ಸಂಜೆ ಕಚೇರಿ ಮುಚ್ಚುವ ಮುನ್ನವೇ ಆ ದಿನದ ಸಮಯದ ಲೆಕ್ಕ ಬರೆಯಬೇಕು. ಬೆಳಿಗ್ಗೆಗೆ ಬಿಟ್ಟರೆ ದೊಡ್ಡ ಕೆಲಸಗಳಷ್ಟೇ ನೆನಪಿನಲ್ಲಿ ಉಳಿದು, ನಡುವೆ ಬಂದ ಚಿಲ್ಲರೆ ಕೆಲಸಗಳೆಲ್ಲ ಮರೆತುಹೋಗುತ್ತವೆ. ಅದೇ ದಿನವೂ ಬರೀ ನೆನಪನ್ನು ನಂಬಬೇಡಿ. ಮೊಬೈಲಿನ ಕರೆಪಟ್ಟಿ, ವಾಟ್ಸಾಪ್‌ನಲ್ಲಿ ಬಿಲ್ ಬಂದ ಹೊತ್ತು, ಫೈಲ್ ಕೊನೆಯ ಸಲ ಉಳಿಸಿದ ಹೊತ್ತು, ಇವು ಮೂರನ್ನೂ ಎದುರಿಗಿಟ್ಟುಕೊಳ್ಳಿ. ಗೊತ್ತಿರುವ ಹೊತ್ತುಗಳನ್ನು ಮೊದಲು ನಮೂದಿಸಿ, ಆಮೇಲೆ ನಡುವಿನದನ್ನು ತುಂಬಿಸಿ. ಕಾಲು ಗಂಟೆಯ ಲೆಕ್ಕ ಸಾಕು. ಸಂಜೆ ಕೂತು ಐದೈದು ನಿಮಿಷ ಬರೆಯುವುದು ಊಹೆಗೆ ನಿಖರತೆಯ ವೇಷ ಹಾಕಿದಂತೆ. ಎರಡು ಮೂರು ನಿಮಿಷದ ಕರೆಗಳನ್ನು ಕರೆಪಟ್ಟಿಯಿಂದ ಕೂಡಿಸಿ ಒಂದೇ ಸಾಲಿನಲ್ಲಿ ಹಾಕಿ, ಅಷ್ಟನ್ನು ಅವು ಅಡ್ಡಬಂದ ಕೆಲಸದ ಹೊತ್ತಿನಿಂದ ಕಳೆಯಿರಿ.

ಲೆಕ್ಕ ಬರೆಯುವ ಸ್ಪ್ರೆಡ್‌ಶೀಟಿನಲ್ಲಿ ಆರು ಕಾಲಂ ಇರಲಿ: A ದಿನಾಂಕ, B ಶುರು, C ಮುಗಿದದ್ದು, D ವಿಭಾಗ, E ವಿವರ, F ಅವಧಿ. ಗ್ರಾಹಕರ ಹೆಸರು ವಿವರದಲ್ಲೇ ಬರಲಿ, ಅದರ ಉಪಯೋಗ ಮುಂದಿದೆ. H2ರಿಂದ ಕೆಳಗೆ ವಿಭಾಗಗಳು, K1ರಲ್ಲಿ ಆ ವಾರದ ಸೋಮವಾರದ ದಿನಾಂಕ. ಮೊದಲ ಸೂತ್ರ F2ಗೆ, ಎರಡನೆಯದು I2ಗೆ:

```
=MOD(C2-B2,1)
=SUMIFS(F:F,D:D,H2,A:A,">="&$K$1,A:A,"<"&$K$1+7)
```

ಗಡುವಿನ ದಿನ ಕೆಲಸ ನಡುರಾತ್ರಿ ದಾಟಿದರೂ ಅವಧಿ ಋಣಸಂಖ್ಯೆ ಆಗದಂತೆ `MOD` ನೋಡಿಕೊಳ್ಳುತ್ತದೆ. ಮೊತ್ತದ ಕೋಶಗಳಿಗೆ `[h]:mm` ರೂಪವನ್ನೇ ಕೊಡಿ. ಬರೀ `h:mm` ಇದ್ದರೆ 24 ಗಂಟೆ ದಾಟಿದ್ದು ಮತ್ತೆ ಸೊನ್ನೆಯಿಂದ ಶುರುವಾಗಿ, 26:30 ಗಂಟೆಯ ದುಡಿಮೆ 2:30 ಎಂದು ಕಾಣುತ್ತದೆ.

ಹೆಚ್ಚು ಕಾಡುವ ತಪ್ಪು ಚುಕ್ಕೆಯದು. ನಾವು ಕೈಯಲ್ಲಿ 10.30 ಎಂದೇ ಬರೆಯುವವರು. ಶೀಟ್ ಅದನ್ನು ಹತ್ತೂ ಚಿಲ್ಲರೆ ದಿನ ಎಂದು ಓದುತ್ತದೆ. 10.30ರಿಂದ 11.15ರವರೆಗಿನ ಮುಕ್ಕಾಲು ಗಂಟೆ ಆಗ 20:24 ಆಗಿಬಿಡುತ್ತದೆ. ಅವಧಿ ಕಾಲಂನಲ್ಲಿ ಎಂಟು ಗಂಟೆ ಮೀರಿದ ಸಾಲು ಕಂಡರೆ ಮೊದಲು ಚುಕ್ಕೆ ಹುಡುಕಿ. ಎರಡನೆಯದು ಕನ್ನಡ ಟೈಪಿಂಗಿನದು. ‘ರಿಟರ್ನ್ಸ್’ ಒಮ್ಮೆ, ‘ರಿಟರ್ನ್’ ಇನ್ನೊಮ್ಮೆ ಬರೆದರೆ ಮೊತ್ತ ಒಡೆಯುತ್ತದೆ. ‘ಜಿಎಸ್‌ಟಿ’ಯಲ್ಲಿ ಒತ್ತಕ್ಷರ ಆಗದಂತೆ ತಡೆಯುವ ಕಣ್ಣಿಗೆ ಕಾಣದ ಅಕ್ಷರವೊಂದಿದೆ, ಒಂದು ಕಡೆ ಅದು ಇದ್ದು ಇನ್ನೊಂದು ಕಡೆ ಬಿಟ್ಟುಹೋದರೂ ಹೊಂದಿಕೆಯಾಗದೆ ಆ ಸಾಲು ಸದ್ದಿಲ್ಲದೆ ಮೊತ್ತದಿಂದ ಹೊರಬೀಳಬಹುದು. ಹಾಗಾಗಿ ವಿಭಾಗವನ್ನು ಟೈಪ್ ಮಾಡದೆ `Data validation` ಪಟ್ಟಿಯಿಂದಲೇ ಆರಿಸಿ. ಐದಾರು ವಿಭಾಗ ಸಾಕು. ಹದಿನೈದಾದರೆ ಒಂದೇ ಬಗೆಯ ಕೆಲಸ ಸೋಮವಾರ ಒಂದರಲ್ಲಿ, ಗುರುವಾರ ಇನ್ನೊಂದರಲ್ಲಿ ಸೇರುತ್ತದೆ.

ಉದಾಹರಣೆಗೆ ದಿನಕ್ಕೆ ಒಂಬತ್ತು ಗಂಟೆಯಂತೆ ಆರು ದಿನ, ಒಟ್ಟು 54 ಗಂಟೆಯ ಒಂದು ವಾರ ನೋಡೋಣ. ರಿಟರ್ನ್ 18:30, ಬಿಲ್ ತರಿಸಿಕೊಳ್ಳುವುದು 9:45, ಲೆಕ್ಕಪುಸ್ತಕ 8:30, ಇತರ ಫೋನ್ 6:15, ಊಟ-ಕಾಫಿ 5:30. ಕೂಡಿದರೆ 48:30. ಉಳಿದ 5:30 ಗಂಟೆಗೆ ಲೆಕ್ಕವಿಲ್ಲ. ಇದನ್ನು ಯಾವುದಾದರೂ ವಿಭಾಗಕ್ಕೆ ತುರುಕಬೇಡಿ. 54ರಿಂದ ಕಳೆದು ‘ಲೆಕ್ಕಕ್ಕೆ ಸಿಗದ್ದು’ ಎಂದು ಬೇರೆ ಸಾಲಿನಲ್ಲೇ ತೋರಿಸಿ. ಈ ಸಾಲು ಯಾವಾಗಲೂ ಸೊನ್ನೆ ಬರುತ್ತಿದ್ದರೆ ಯಾರೋ ಅಂದಾಜಿನಲ್ಲಿ ತುಂಬಿಸುತ್ತಿದ್ದಾರೆ ಎಂದು ಅನುಮಾನಿಸಬೇಕು.

ಈ ವಾರದಲ್ಲಿ ಕಣ್ಣು ನೆಡಬೇಕಾದದ್ದು 9:45ರ ಮೇಲೆ. ವಿವರದ ಕಾಲಂ ಸೋಸಿ ನೋಡಿದಾಗ ಅದರಲ್ಲಿ ಆರು ಗಂಟೆ ಮೂವರೇ ಗ್ರಾಹಕರ ಬಿಲ್ ಬೆನ್ನುಹತ್ತಲು ಹೋಗಿದೆ ಎಂದುಕೊಳ್ಳಿ. ಎಲ್ಲರಿಗೂ ಸುತ್ತೋಲೆ ಕಳಿಸುವ ಅಗತ್ಯವಿಲ್ಲ. ಆ ಮೂವರಿಗೆ 5ನೇ ತಾರೀಖಿನೊಳಗೆ ಬಿಲ್ ಕೊಡಲು ಹೇಳಿ, ಅಥವಾ ಆ ಹೊತ್ತಿಗೂ ಶುಲ್ಕ ಕೇಳಿ. ಫಲ ಸಿಕ್ಕಿತೇ ಎಂದು ಮುಂದಿನ ವಾರದ ಮೊತ್ತ ಹೇಳದು, ಏಕೆಂದರೆ ಗಡುವು ದಾಟಿದ ವಾರದಲ್ಲಿ ಬಿಲ್ ಕೇಳುವ ಕೆಲಸ ಹೇಗೂ ತಗ್ಗಿರುತ್ತದೆ. 11ನೇ ತಾರೀಖಿನ ಹಿಂದಿನ ವಾರವನ್ನು ಮುಂದಿನ ತಿಂಗಳ ಅದೇ ವಾರದ ಜೊತೆಗೇ ಹೋಲಿಸಬೇಕು.